ಸಹಾಯ ಬೇಕು: ಹಳೇ ಓಮ್ನಿಗೆ ವೈರ್‌ಲೆಸ್ ರಿವರ್ಸ್ ಕ್ಯಾಮೆರಾ, ಎಂಜಿನ್ ಸ್ಟಾರ್ಟ್ ಆದ್ರೆ ಗೆರೆ

ನಮ್ಮದು 2009ರ ಓಮ್ನಿ, ಹೂವಿನ ಲೋಡಿಗೆ ಓಡಿಸ್ತೀವಿ. ಹಿಂದೆ ಕ್ರೇಟ್ ತುಂಬಿದ್ರೆ ಒಳಗಿನ ಕನ್ನಡಿಯಲ್ಲಿ ಏನೂ ಕಾಣಲ್ಲ. ಅದಕ್ಕೆ ನಂಬರ್ ಪ್ಲೇಟ್ ಮೇಲೆ ಕ್ಯಾಮೆರಾ ಕೂರಿಸಿದೆ. ಅದಕ್ಕೂ ಟ್ರಾನ್ಸ್‌ಮಿಟರ್‌ಗೂ ಕರೆಂಟ್ ರಿವರ್ಸ್ ಲೈಟಿನ ವೈರಿಂದ. ಟ್ರಾನ್ಸ್‌ಮಿಟರ್ ಹಿಂದಿನ ಡೋರಿನ ತಗಡಿನೊಳಗಿತ್ತು. 4.3 ಇಂಚಿನ ಸ್ಕ್ರೀನ್ ಡ್ಯಾಶ್‌ಬೋರ್ಡ್ ಮೇಲಿದೆ, ಲೈಟರ್ ಸಾಕೆಟ್‌ನಿಂದ ಓಡ್ತದೆ.

ಬರೀ ಕೀ ಆನ್ ಮಾಡಿ ರಿವರ್ಸ್ ಹಾಕಿದ್ರೆ ಚಿತ್ರ ಕನ್ನಡಿ ಹಾಗೆ ಸ್ಪಷ್ಟ. ಎಂಜಿನ್ ಸ್ಟಾರ್ಟ್ ಮಾಡಿದ್ ಕೂಡ್ಲೇ ಅಡ್ಡಗೆರೆ ಉರುಳ್ತವೆ, ಆಕ್ಸಿಲರೇಟರ್ ಒತ್ತಿದ್ರೆ ಇನ್ನೂ ಜೋರು. ಲೋಡ್ ಇದ್ದಾಗಂತೂ ಮಧ್ಯೆ ಮಧ್ಯೆ ಪೂರ್ತಿ ನೀಲಿ ಪರದೆ.

ಟ್ರಾನ್ಸ್‌ಮಿಟರ್ ಹೊರಗೆ ತೆಗೆದು ಮೇಲ್ಛಾವಣಿ ಹತ್ರ ಟೇಪ್ ಹಚ್ಚಿದೆ, ನೀಲಿ ಪರದೆ ನಿಂತಿತು. ಗೆರೆ ಹೋಗ್ಲಿಲ್ಲ. ಅರ್ಥ್ ಬಾಡಿಯ ಬೇರೆ ಕಡೆ ಕೊಟ್ಟೆ, ಅದೇ ಕಥೆ. ಬೇರೆ 12 ವೋಲ್ಟ್ ಬ್ಯಾಟರಿಯಿಂದ ಕ್ಯಾಮೆರಾ, ಟ್ರಾನ್ಸ್‌ಮಿಟರ್ ಎರಡನ್ನೂ ಓಡಿಸಿದಾಗ ಮಾತ್ರ ಗೆರೆ ಮಾಯ. ಅಂದ್ರೆ ತೊಂದರೆ ಕರೆಂಟಿನಲ್ಲೇ, ಆಲ್ಟರ್ನೇಟರ್ ಕಡೆಯಿಂದ ಅಂತ ನನ್ನ ಅನುಮಾನ.

ಗೊಂದಲ ಇಷ್ಟೇ: ರಿವರ್ಸ್ ವೈರಿಗೆ ರಿಲೇ ಹಾಕಿ, ಫ್ಯೂಸ್ ಜೊತೆ ಬ್ಯಾಟರಿಯಿಂದ ನೇರ ಕರೆಂಟ್ ತಂದ್ರೆ ಗೆರೆ ಹೋಗತ್ತಾ, ಇಲ್ಲಾ 12 ವೋಲ್ಟ್ ಪವರ್ ಫಿಲ್ಟರ್ ಬೇಕೇ ಬೇಕಾ? ಸ್ಕ್ರೀನಿಗೆ ವಿಡಿಯೋ ವೈರ್ ಸಾಕೆಟ್ಟೂ ಇದೆ. ವೈರ್‌ಲೆಸ್ ಬಿಟ್ಟು ಮ್ಯಾಟ್ ಕೆಳಗೆ ಕೇಬಲ್ ಎಳೆಯೋದೇ ವಾಸಿನಾ? ಮಾಡಿದವರು ಹೇಳಿ.