ಪದಚರ್ಚೆ: ‘ನೋ ಈಸ್ ಎ ಕಂಪ್ಲೀಟ್ ಸೆಂಟೆನ್ಸ್’ ಬೋರ್ಡಿಗೆ ಕನ್ನಡದಲ್ಲಿ ಏನು? ಇವತ್ತು ಸಂಜೆಗೇ ಬೇಕು

ವಸುಧಾ, ಪುಣೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಕೋಥ್ರೂಡಿನಲ್ಲಿ ನಮ್ಮ ಬಳಗದ ಸ್ವಯಂಸೇವಕರಿಗೆ ಅರ್ಧ ದಿನದ ಕಮ್ಮಟ ಇದೆ. ಯಾರು ಏನು ಕೇಳಿದರೂ ‘ಆಯ್ತು’ ಅಂದುಬಿಟ್ಟು, ಆಮೇಲೆ ಯಾವುದನ್ನೂ ಮುಗಿಸಲಾಗದೆ ಒದ್ದಾಡುವವರಿಗಾಗಿ. ವೇದಿಕೆಯ ಹಿಂದೆ 6 ಅಡಿ ಅಗಲ, 2 ಅಡಿ ಎತ್ತರದ ಫ್ಲೆಕ್ಸ್ ಕಟ್ಟಬೇಕು. ಅಂಗಡಿಯವನಿಗೆ ಸಂಜೆ 6ರೊಳಗೆ ಫೈಲ್ ಹೋಗಬೇಕು. ಇಂಗ್ಲಿಷ್ ಮಾತು ವಿಷಯದ ಸಾಲಿನಲ್ಲಿದೆ. ನಾನು ಬರೆದುಕೊಂಡಿರುವುದು: ‘ಇಲ್ಲ ಎನ್ನುವುದೇ ಪೂರ್ಣ ವಾಕ್ಯ’. ಓದಿದರೆ ವ್ಯಾಕರಣದ ಪಾಠದ ಹಾಗೆ ಕೇಳುತ್ತದೆ. ಬದಲಿಗೆ ನಮ್ಮದೇ ಗಾದೆ ಇದ್ದರೆ ಹೇಳಿ. ಜೊತೆಗೆ ಕರಪತ್ರದಲ್ಲಿ ‘ಓವರ್‌ಕಮಿಟ್ ಮಾಡುವವರು’, ‘ಬೌಂಡರಿ ಹಾಕಿಕೊಳ್ಳಿ’ ಅಂತ ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಬರುವವರಲ್ಲಿ ಧಾರವಾಡ, ಬೆಳಗಾವಿ ಕಡೆಯವರು ಅರ್ಧ, ಉಡುಪಿ, ಮೈಸೂರಿನವರು ಅರ್ಧ.

ಬಸವರಾಜ, ಪಿಂಪ್ರಿ

ಇದಕ್ಕ ಅಷ್ಟು ತಲಿ ಯಾಕ ಕೆಡಿಸ್ಕೋತೀರಿ ಅಕ್ಕಾರ? ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಐತಲ್ಲ. ಮರಾಠ್ಯಾಗೂ ‘ಅಂಥರೂಣ್ ಪಾಹೂನ್ ಪಾಯ್ ಪಸರಾವೇ’ ಅಂತಾರ, ಫ್ಲೆಕ್ಸ್ ಅಂಗಡಿ ಹುಡುಗನಿಗೂ ತಿಳಿತೈತಿ. ಎಲ್ಲಾದಕ್ಕೂ ಹೂಂ ಅನ್ನೋರಿಗೆ ‘ಭಿಡೆಯವರು’ ಅನ್ರಿ. ಭಿಡೆ ಅಚ್ಚ ಕನ್ನಡ, ‘ಬಿಡು’ ಅನ್ನೋದರಿಂದ ಬಂದದ್ದು. ‘ಮುಲಾಜು’ ಮಾತ್ರ ಹಾಕಬ್ಯಾಡ್ರಿ, ಅದು ಮರಾಠಿ.

ಶ್ರೀಪಾದ, ಮಾಟುಂಗಾ

ಗಾದೆ ಸರಿ, ಜಾಗ ತಪ್ಪು. ಹಾಸಿಗೆಯ ಗಾದೆ ಖರ್ಚಿನದು. ಓದಿದವರಿಗೆ ಸಂಬಳ, ಸಾಲ, ಮಗಳ ಮದುವೆ ನೆನಪಾಗುತ್ತದೆಯೇ ಹೊರತು ಭಾನುವಾರದ ಬಿಡುವು ನೆನಪಾಗುವುದಿಲ್ಲ. ಇನ್ನು ಭಿಡೆಗೂ ಬಿಡುವುದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಮರಾಠಿಯ ‘ಭೀಡ್’. ‘ಭೀಡ್ ಭಿಕೇಚೀ ಬಹೀಣ್’ ಎಂಬ ಗಾದೆ ಪುಣೆಯಲ್ಲಿ ಇರುವವರ ಕಿವಿಗೆ ಬಿದ್ದೇ ಇರುತ್ತದೆ: ಸಂಕೋಚ ಭಿಕ್ಷೆಯ ಒಡಹುಟ್ಟು. ಮುಲಾಜು ಅರಬ್ಬಿಯ ‘ಮುಲಾಹಜಾ’, ಮರಾಠಿ ಅದರ ದಾರಿಯಲ್ಲಿ ಸಿಕ್ಕ ಊರು ಅಷ್ಟೇ. ಹಾಗಾಗಿ ನೀವು ಬೇಡವೆಂದದ್ದಕ್ಕೂ ಬೇಕೆಂದದ್ದಕ್ಕೂ ಹೇಳಿದ ಕಾರಣಗಳು ಅದಲು ಬದಲಾಗಿವೆ.

ವಸುಧಾ ಅವರೇ, ಗಾದೆ ಆರಿಸುವಾಗ ಅದು ಯಾರನ್ನು ಬೈಯುತ್ತದೆ ಅಂತ ಮೊದಲು ನೋಡಿ. ‘ಬೆರಳು ತೋರಿಸಿದರೆ ಹಸ್ತ ನುಂಗಿದ’ ಅನ್ನುವುದು ಕೇಳುವವನನ್ನು ಬೈಯುತ್ತದೆ. ನಿಮ್ಮ ಸಭೆಯಲ್ಲಿ ಕೆಲಸ ಹೇಳುವ ಅಧ್ಯಕ್ಷರೂ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ, ಕಟ್ಟಬೇಡಿ. ‘ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ’ ಅಂದರೆ ಲೋಕ ಹೀಗಿದೆ ಎಂಬ ದೂರು ಮಾತ್ರ, ಮಾಡಬೇಕಾದ್ದನ್ನು ಅದು ಹೇಳುವುದಿಲ್ಲ. ‘ದಾಕ್ಷಿಣ್ಯಕ್ಕೆ ಬಸಿರಾದ ಹಾಗೆ’ ಎಂಬುದು ನಿಮ್ಮ ವಿಷಯಕ್ಕೆ ಅಳತೆ ತೆಗೆದು ಹೊಲಿಸಿದಂತಿದೆ. ಒಬ್ಬರ ಮುಖ ನೋಡಿ ಹೂಂ ಅಂದದ್ದರ ಭಾರವನ್ನು ತಿಂಗಳುಗಟ್ಟಲೆ ಹೊರುವವಳು ಹೂಂ ಅಂದವಳೇ. ಆದರೆ ಮಕ್ಕಳು, ಮುದುಕರು ಇರುವ ಸಭೆಯಲ್ಲಿ 6 ಅಡಿ ಅಕ್ಷರದಲ್ಲಿ ಅದು ನಡೆಯದು.

ಏನು ಮಾಡಬೇಕು ಅಂತ ಹೇಳುವ ಗಾದೆ ಒಂದಿದೆ: ‘ಅಂತ್ಯನಿಷ್ಠುರಕ್ಕಿಂತ ಆದಿನಿಷ್ಠುರ ಲೇಸು’. ಕೊನೆಗೆ ಕೆಟ್ಟವರಾಗುವುದಕ್ಕಿಂತ ಮೊದಲೇ ಆಗುವುದು ವಾಸಿ. ನಿಷ್ಠುರ ತಪ್ಪುತ್ತದೆ ಅಂತ ಅದು ಸುಳ್ಳು ಭರವಸೆ ಕೊಡುವುದಿಲ್ಲ, ಯಾವಾಗ ಕಟ್ಟಿಕೊಳ್ಳುತ್ತೀರಿ ಅಂತ ಮಾತ್ರ ಕೇಳುತ್ತದೆ. ದೀಪಾವಳಿ ಕಾರ್ಯಕ್ರಮಕ್ಕೆ ಎರಡು ತಿಂಗಳು ಇರುವಾಗ ‘ಹಾಲ್ ಬುಕಿಂಗ್ ನನ್ನ ಕೈಲಾಗಲ್ಲ’ ಅಂದರೆ ಅಧ್ಯಕ್ಷರು ಒಂದು ದಿನ ಮುಖ ಗಂಟು ಹಾಕಿಕೊಂಡು ಬೇರೆಯವರನ್ನು ಹುಡುಕುತ್ತಾರೆ. ಅದೇ ಮಾತನ್ನು ನಾಲ್ಕು ದಿನ ಉಳಿದಾಗ ಹೇಳಿದರೆ ಹಾಲ್ ಸಿಗುವುದಿಲ್ಲ, ಮುಂಗಡ ಮುಳುಗುತ್ತದೆ, ಸಂಬಂಧವೂ ಹೋಗುತ್ತದೆ. ಬೋರ್ಡಿಗೆ ಇದನ್ನೇ ಹಾಕಿ.

ಚೆಲುವ, ಠಾಣೆ

ಅಂತ್ಯ, ಆದಿ, ನಿಶ್ಟುರ. ಮೂರೂ ಸಂಸ್ಕ್ರುತ. ಒಂದು ‘ಲೇಸು’ ಕನ್ನಡ. ಇದನ್ನು ಕನ್ನಡ ಗಾದೆ ಅನ್ನುವುದೇ ತಮಾಶೆ. ಕನ್ನಡದ ಪದ ‘ಒಲ್ಲೆ’. ಬೋರ್ಡಿನಲ್ಲಿ ಇದೊಂದೇ ಸಾಕು, ಎರಡಕ್ಕರ. ಓವರ್‌ಕಮಿಟ್ ಅಂದರೆ ‘ಮೀರೊಪ್ಪು’. ಮುಗಿಯಿತು.

ಶ್ರೀಪಾದ, ಮಾಟುಂಗಾ

ಸಂಸ್ಕೃತ ಪದಗಳಿದ್ದ ಮಾತ್ರಕ್ಕೆ ಗಾದೆ ಸಂಸ್ಕೃತದ್ದಾಗುವುದಿಲ್ಲ. ‘ಹತ್ತು ಜನರ ನಿಷ್ಠುರ ಕಟ್ಟಿಕೊಂಡ’ ಅನ್ನುವ ಬಳಕೆ ಸಂಸ್ಕೃತದಲ್ಲಿ ಎಲ್ಲಿದೆ? ಅಲ್ಲಿ ನಿಷ್ಠುರ ಅಂದರೆ ಬಿರುಸು, ಕಠಿಣ. ಹಗೆಯ ಹಾಗೆ ‘ಕಟ್ಟಿಕೊಳ್ಳುವ’ ವಸ್ತುವಾದದ್ದು ಕನ್ನಡದ ಬಾಯಲ್ಲಿ. ‘ಮೀರೊಪ್ಪು’ ಬಗ್ಗೆ ಮಾತು ವ್ಯರ್ಥ, ಒಪ್ಪುವುದು ಯಾವುದನ್ನು ಮೀರಿತು ಅಂತ ಓದುಗ ಕೇಳುತ್ತಾನೆ.

‘ಒಲ್ಲೆ’ಗೆ ಮಾತ್ರ ಉತ್ತರ ಕೊಡಬೇಕು, ಅದರಲ್ಲಿ ಹುರುಳಿದೆ. ಇಂಗ್ಲಿಷಿನಲ್ಲಿ ‘ನೋ’ಗೆ ಕರ್ತೃವೂ ಇಲ್ಲ, ಕ್ರಿಯೆಯೂ ಇಲ್ಲ. ಅದನ್ನು ಪೂರ್ಣ ವಾಕ್ಯ ಅಂದಾಗಲೇ ಆ ಮಾತಿಗೆ ಚುರುಕು. ‘ಒಲ್ಲೆ’ಯ ಕೊನೆಯ ಎಕಾರದಲ್ಲೇ ‘ನಾನು’ ಕೂತಿದೆ. ವ್ಯಾಕರಣದ ಪ್ರಕಾರ ಅದು ಪೂರ್ಣ ವಾಕ್ಯವೇ, ಹಾಗೆ ಹೇಳಿದರೆ ಯಾರಿಗೂ ಅಚ್ಚರಿಯಾಗದು. ವಸುಧಾ ಅವರ ಅನುವಾದ ಸಪ್ಪೆಯಾದದ್ದು ಇದಕ್ಕೇ, ಅವರ ಕೈಗುಣದಿಂದಲ್ಲ.

ಬೋರ್ಡಿಗೆ ‘ಒಲ್ಲೆ’ ಹಾಕಿದರೆ ಇನ್ನೊಂದು ತೊಡಕು. ಧಾರವಾಡದ ಕಡೆ ‘ಇನ್ನ ಚಹಾ ಒಲ್ಲೆರಿ’ ಅನ್ನುವುದು ದಿನದ ಮಾತು. ಮೈಸೂರಿನವರಿಗೆ ಅದು ಪುಸ್ತಕದ್ದು, ಕೇಳಿದರೆ ನಾಟಕದ ನಾಯಕಿ ಮುನಿದಂತೆ. ಉತ್ತರದಲ್ಲೂ ‘ಬರಲೊಲ್ಲದು’ ಸವೆದು ‘ಬರವಲ್ದು’ ಆಗಿದೆ. ‘ಮಳಿ ಬರವಲ್ದು’, ‘ಗಾಡಿ ಚಾಲೂ ಆಗವಲ್ದು’ ಅಂದಾಗ ಮಳೆಗೂ ಗಾಡಿಗೂ ಮನಸ್ಸಿಲ್ಲ ಅಂತ ಯಾರೂ ತಿಳಿಯುವುದಿಲ್ಲ. ಕ್ರಿಯೆಗೆ ಅಂಟಿದಲ್ಲಿ ಸಂಕಲ್ಪ ಸೋರಿಹೋಗಿದೆ, ‘ಒಲ್ಲೆ’ ಒಂಟಿಯಾಗಿ ನಿಂತಾಗ ಉಳಿದಿದೆ.

ಜಯಂತಿ, ಮಡಗಾಂವ

ನಮಸ್ಕಾರ. ಬೌಂಡರಿಗೆ ‘ಗಡಿ’ ಬೇಡ, ‘ಆವರಣ’ ಅಥವಾ ‘ಕಾಂಪೌಂಡ್’ ಅಂತಲೇ ಹಾಕಿ. ಇಲ್ಲಿ ನಮ್ಮ ಗೇಟಿನ ಮೇಲೆ ಕೊಂಕಣಿ, ಮರಾಠಿ, ಕನ್ನಡ ಮೂರರಲ್ಲೂ ‘ಒಳಗೆ ಬರಬಾರದು’ ಅಂತ ಇದೆ. ಇನ್ನೊಂದು ವಿಷಯ, ನಾನು ಮನೆಯಲ್ಲೇ ಹೋಳಿಗೆ ಆರ್ಡರ್ ತೆಗೆದುಕೊಳ್ಳುವುದು. ಹಬ್ಬದ ಹಿಂದಿನ ದಿನ ಬಂದು ‘ಬರೀ ಇಪ್ಪತ್ತು ಅಲ್ವಾ ಅಕ್ಕ’ ಅನ್ನುತ್ತಾರೆ. ಅವರಿಗೆ ಹಾಕಲು ಒಂದು ಬೋರ್ಡ್ ಹೇಳುತ್ತೀರಾ?

ವಿಠಲ, ಮುಲುಂಡ್

ಅಕ್ಕಾ, ಅವರು ಕೇಳಿದ್ದು ಗೋಡೆಯ ಬೌಂಡರಿ ಅಲ್ಲ ಮಾರಾಯ್ರೆ. ಇಲ್ಲಿಂದ ಮುಂದೆ ನನ್ನ ಕೆಲಸ ಅಲ್ಲ ಅಂತ ಹೇಳುವುದಕ್ಕೆ. ನನ್ನ ಪ್ರಕಾರ ‘ಮಿತಿ’ ಸಾಕು, ‘ನಿಮ್ಮ ಮಿತಿ ಮೊದಲೇ ಹೇಳಿ’ ಅಂತ ಬರೆದರೆ ಆಯಿತು. ‘ಹಾಕಿಕೊಳ್ಳಿ’ ಅಂದರೆ ಬೇಲಿ ಹಾಕಿದ ಹಾಗೆ ಕೇಳುತ್ತದೆ.

ನಿಮ್ಮ ಹೋಳಿಗೆ ಬೋರ್ಡಿಗೆ ‘ಆರ್ಡರ್ ಮುಗಿದಿದೆ’ ಬೇಡ. ಎಷ್ಟು ಮುಗಿದಿದೆ, ಇನ್ನು ಹತ್ತು ಆಗುತ್ತದಾ ಅಂತ ಚೌಕಾಸಿ ಶುರುವಾಗುತ್ತದೆ. ‘ಹಬ್ಬಕ್ಕೆ 3 ದಿನ ಮೊದಲು ಹೇಳಿದವರಿಗೆ ಮಾತ್ರ’ ಅಂತ ಬರೆಯಿರಿ. ದಿನದ ಲೆಕ್ಕದೊಟ್ಟಿಗೆ ಜಗಳ ಮಾಡುವುದು ಕಷ್ಟ.

ಕರಪತ್ರಕ್ಕೆ ಒಂದು ಸೇರಿಸಿ. ನಮ್ಮ ಊರ ಕಡೆ ‘ನೋಡುವ’ ಅಂದರೆ ಮುಕ್ಕಾಲು ಪಾಲು ಇಲ್ಲ ಅಂತಲೇ. ಘಟ್ಟದ ಮೇಲಿನವರು ಅದನ್ನು ಒಪ್ಪಿಗೆ ಅಂತ ಬರೆದುಕೊಂಡು ಹೋಗುತ್ತಾರೆ. ಕಮಿಟಿ ಮೀಟಿಂಗಿನಲ್ಲಿ ಅರ್ಧ ಗಲಾಟೆ ಇದರಿಂದಲೇ.

ಶ್ರೀಪಾದ, ಮಾಟುಂಗಾ

ವಿಠಲ ಹೇಳಿದ್ದು ಗಾದೆಗಿಂತ ಉಪಯೋಗದ ಮಾತು. ಇದರ ಜೊತೆಗೆ ‘ಆಗೋದಿಲ್ಲ’ವನ್ನೂ ಇಡಿ. ಶಕ್ತಿಯಿಲ್ಲ, ಮನಸ್ಸಿಲ್ಲ, ಎರಡಕ್ಕೂ ಅದೇ ಪದ. ಕೇಳುವವನು ತನಗೆ ಬೇಕಾದ ಅರ್ಥ ತೆಗೆದುಕೊಂಡು ಅಡ್ಡಿಯನ್ನು ಬಗೆಹರಿಸಲು ಕೂರುತ್ತಾನೆ:

‘ಲೆಕ್ಕ ಬರೆಯೋಕೆ ಆಗೋದಿಲ್ಲ ಸರ್, ಶನಿವಾರ ಆಫೀಸಿದೆ.’
‘ಹಾಗಾದ್ರೆ ಭಾನುವಾರ ಬನ್ನಿ.’
‘ಭಾನುವಾರ ಅತ್ತೆ ಮನೆ...’
‘ಫೈಲೇ ಕಳಿಸ್ತೀನಿ, ಮನೇಲೇ ಕೂತು ಮಾಡಿ.’

ಮೂರನೆಯ ಸಾಲಿಗೆ ಕಾರಣ ಮುಗಿಯಿತು, ಕೆಲಸ ಅಂಟಿತು. ಕಾರಣ ಕೊಟ್ಟಷ್ಟೂ ಬಾಗಿಲು ತೆರೆಯುತ್ತದೆ. ‘ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು’ ಎಂಬ ಗಾದೆ ಬೈಯುವುದು ಇದನ್ನೇ. ಗಂಡ ಒಲ್ಲದಿರುವುದು ಆ ಗಾದೆಗೆ ಗೊತ್ತಿರುವ ಸಂಗತಿ, ನಗು ಬರಿಸುವುದು ಅವನು ಹುಡುಕಿದ ಕಲ್ಲು. ಅಧ್ಯಕ್ಷರಂಥ ಹಿರಿಯರಿಗೆ ಬರಿಯ ‘ಇಲ್ಲ’ ಒರಟಾಗುತ್ತದೆ ನಿಜ. ಮುಂದೆ ಗೌರವ ಇಡಿ, ಹಿಂದೆ ಅಳತೆ ಇಡಿ, ನಡುವೆ ಕಾರಣ ಮಾತ್ರ ಬೇಡ: ‘ಸರ್, ಈ ಸಲ ಲೆಕ್ಕ ನಾನು ತೊಗೊಳಲ್ಲ. ರಸೀದಿ ಪುಸ್ತಕ ಒಂದು ನನಗೆ ಕೊಡಿ, ಅದನ್ನು ನೋಡ್ಕೋತೀನಿ.’ ಇಲ್ಲಿ ‘ತೊಗೊಳಲ್ಲ’ ಎಂಬ ಕ್ರಿಯೆ ಮುಖ್ಯ. ಅದಕ್ಕೆ ‘ಭಾನುವಾರ ಬನ್ನಿ’ ಅಂತ ಉತ್ತರ ಕೂಡಿಬರುವುದಿಲ್ಲ.

‘ಓವರ್‌ಕಮಿಟ್ ಮಾಡುವವರು’ ಅನ್ನುವುದಕ್ಕೆ ಹೊಸ ಪದ ಬೇಡವೇ ಬೇಡ. ‘ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳುವವರು’ ಅನ್ನಿ, ಎರಡೂ ಕಡೆಯವರಿಗೆ ತಿಳಿಯುತ್ತದೆ.

ಚೆಲುವ, ಠಾಣೆ

ಮೂರು ಪದದ ಸಾಲು ಪಾರಿಬಾಶಿಕ ಆಗುವುದಿಲ್ಲ. ಹೊಸ ಪದ ಬಂದಾಗೆಲ್ಲ ನಗುವುದು ರೂಡಿ. ಪಾರಸಿ, ಅರಬ್ಬಿಗೆ ಹಾಸಿಗೆ ಹಾಸುತ್ತೀರಿ, ಕನ್ನಡದ ಬೇರಿಗೆ ಕಾಲು ಚಾಚಲೂ ಎಡೆಯಿಲ್ಲ.

ಬಸವರಾಜ, ಪಿಂಪ್ರಿ

ಚೆಲುವಣ್ಣ, ‘ತಮಾಶೆ’ ಅಂತ ಬರದೀರಲ್ಲ ಮ್ಯಾಲೆ, ಅದು ಎಲ್ಲಿಂದ ಬಂತು? ಮಾಸ್ತರ್ರೇ, ಮುಲಾಜು ಅರಬ್ಬಿ ಇರಬಹುದು, ಆದರ ನಮಗ ಕೊಟ್ಟವರು ಮರಾಠ್ಯಾರೇ. ಕೈಗೆ ಕೊಟ್ಟವರ ಹೆಸರು ಹೇಳೋದ್ರಾಗ ತಪ್ಪೇನೈತಿ?

ವಸುಧಾ, ಪುಣೆ

ಆದಿನಿಷ್ಠುರವೇ ಹೋಗುತ್ತಿದೆ. ಮೇಲಿನ ಸಾಲು ‘ಅಂತ್ಯನಿಷ್ಠುರಕ್ಕಿಂತ’, ಕೆಳಗೆ ದೊಡ್ಡದಾಗಿ ‘ಆದಿನಿಷ್ಠುರ ಲೇಸು’. ಆದರೆ ಅಂಗಡಿಯವನ ಪ್ರೂಫಿನಲ್ಲಿ ಷ ಕೆಳಗಿನ ಠ ಒತ್ತು ಬೀಳದೆ ಪಕ್ಕಕ್ಕೆ ಬಂದು ‘ನಿಷ್‌ಠುರ’ ಆಗಿದೆ. ಏನು ಮಾಡುವುದು?

ವಿಠಲ, ಮುಲುಂಡ್

ಅವನ ಸಾಫ್ಟ್‌ವೇರಿಗೆ ಕನ್ನಡ ಒತ್ತು ಜೋಡಿಸಲು ಬರುವುದಿಲ್ಲ. ಅಕ್ಷರವಾಗಿ ಕಳಿಸಬೇಡಿ. ನಿಮ್ಮಲ್ಲೇ ಸರಿಯಾಗಿ ಕಾಣುವ ಹಾಗೆ ಜೋಡಿಸಿ, ಅಕ್ಷರಗಳನ್ನು ಕರ್ವ್ಸ್ ಮಾಡಿ, ಪಿಡಿಎಫ್ ಕೊಡಿ. ಆಗ ಅವನ ಯಂತ್ರಕ್ಕೆ ಅದು ಚಿತ್ರ, ಫಾಂಟ್ ಇದ್ದರೂ ಇಲ್ಲದಿದ್ದರೂ ಒಂದೇ. ಕರ್ವ್ಸ್ ಮಾಡಿದ ಮೇಲೆ ಕಾಗುಣಿತ ತಿದ್ದಲಾಗದು, ಹಾಗಾಗಿ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಮತ್ತೆ ‘ನಿಷ್ಟುರ’ ಅಂತ ಅಲ್ಪಪ್ರಾಣ ಹಾಕಿಬಿಟ್ಟೀರಿ, ಚೆಲುವಣ್ಣನಿಗೊಬ್ಬನಿಗೆ ಖುಷಿಯಾದೀತು.