ಕರಾರಿನಲ್ಲಿ ‘ಮೊದಲನೆಯವರು’ ಅಂದ್ರೆ ಯಾರು?

ಮಳಿಗೆ ಮಾಲೀಕ: ಎರಡು ಮಳಿಗೆ ಬಾಡಿಗೆಗೆ ಕೊಡುತ್ತಿದ್ದೇನೆ. ನಾನು ಒಂದನೇ ಪಾರ್ಟಿ, ಬಾಡಿಗೆದಾರರು ಎರಡನೇ ಪಾರ್ಟಿ. ಕರಡಿನಲ್ಲಿ ಹೀಗಿದೆ: ‘ಎರಡನೇ ಪಾರ್ಟಿಯವರು ಒಂದನೇ ಪಾರ್ಟಿಯವರಿಗೆ ಖಾಲಿ ಮಾಡುವ ನೋಟಿಸ್ ಕೊಟ್ಟಲ್ಲಿ, ಮೊದಲನೆಯವರು 30 ದಿನದೊಳಗೆ ಬಾಕಿ ಚುಕ್ತಾ ಮಾಡತಕ್ಕದ್ದು.’ ಸರಿ ಇದೆಯಾ?

ಹಳೇ ಪತ್ರಬರಹಗಾರ: ಇಲ್ಲ. ವಾಕ್ಯದಲ್ಲಿ ಮೊದಲು ಬಂದವರು ಬಾಡಿಗೆದಾರರು. ಪತ್ರದಲ್ಲಿ ಒಂದನೇ ಪಾರ್ಟಿ ನೀವು. ಬಾಕಿ ಅನ್ನೋದು ಅವರು ಕೊಡಬೇಕಾದ ಬಾಡಿಗೆಯೂ ಆಗಬಹುದು, ನೀವು ವಾಪಸ್ ಕೊಡಬೇಕಾದ ಅಡ್ವಾನ್ಸೂ ಆಗಬಹುದು. ಎರಡು ರೀತಿ ಓದಿದರೂ ಅರ್ಥ ಬರುತ್ತೆ, ಅದೇ ತೊಂದರೆ. ‘ಮಾಲೀಕರು ಅಡ್ವಾನ್ಸ್ ಹಣವನ್ನು ಬಾಡಿಗೆದಾರರಿಗೆ ವಾಪಸ್ ಕೊಡತಕ್ಕದ್ದು’ ಅಂತ ಬರೆಯಿರಿ. ಬಾಡಿಗೆ ಬಾಕಿಗೆ ಬೇರೆ ವಾಕ್ಯ. ಪಾರ್ಟಿ ನಂಬರ್ ಬಿಟ್ಟು ಮಾಲೀಕರು, ಬಾಡಿಗೆದಾರರು ಅಂತಲೇ ಕೊನೆವರೆಗೂ ಇರಲಿ.

ತುಮಕೂರಿನವ: ಹೀಗೆ ಹೇಳಿದ್ದನ್ನೇ ಹೇಳಿದರೆ ಪತ್ರ ಉದ್ದ ಆಗಲ್ವಾ? ಕೋರ್ಟು ಉದ್ದೇಶ ನೋಡುತ್ತೆ. ಸಾಕ್ಷಿ ಕರೆಸಿ ಹೇಳಿಸಿದರಾಯ್ತು.

ಹಳೇ ಪತ್ರಬರಹಗಾರ: ಉದ್ದೇಶ ನೋಡೋದು ನಿಜ, ಆದರೆ ಮೊದಲು ಬರಹದಲ್ಲೇ ಹುಡುಕುತ್ತಾರೆ. 1872ರ ಸಾಕ್ಷ್ಯ ಕಾಯ್ದೆಯ 93ನೇ ಕಲಂ ಪ್ರಕಾರ, ಓದಿದ ಕೂಡಲೇ ಗೊಂದಲ ಕಾಣುವ ಮಾತಿಗೆ ಹೊರಗಿನ ಸಾಕ್ಷಿ ತಂದು ಅರ್ಥ ತುಂಬುವಂತಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯಲ್ಲೂ ಆ ನಿಯಮ ಉಳಿದಿದೆ.

ತುಮಕೂರಿನವ: ಗೊಂದಲ ಓದಿದ ಕೂಡಲೇ ಕಾಣುತ್ತೋ, ಆಮೇಲೆ ಗೊತ್ತಾಗುತ್ತೋ ಅನ್ನೋದರ ಮೇಲೇ ವಾದ ಮಾಡಬಹುದಲ್ಲ.

ಹಳೇ ಪತ್ರಬರಹಗಾರ: ಮಾಡಬಹುದು. ಒಂದು ಪದ ಉಳಿಸೋಕೆ ಆ ವಾದಕ್ಕೆ ವಕೀಲರ ಫೀಸು ಕೊಡಬೇಕು ಅಷ್ಟೇ.

ಮಳಿಗೆ ಮಾಲೀಕ: ‘1 ಮತ್ತು 2ನೇ ಮಳಿಗೆಗೆ ಕ್ರಮವಾಗಿ 8,000 ಮತ್ತು 11,000 ರೂ.’ ಅಂತಲೂ ಇದೆ. ಅದನ್ನೂ ತೆಗೀಬೇಕಾ?

ಹಳೇ ಪತ್ರಬರಹಗಾರ: ಎರಡಕ್ಕೆ ಎರಡು ಇದ್ದಾಗ ‘ಕ್ರಮವಾಗಿ’ ಕೆಡುಕಲ್ಲ. ಕೆಡೋದು ತಿದ್ದುವಾಗ. ನಾಳೆ ಮಧ್ಯೆ ‘1ಎ’ ಮಳಿಗೆ ಸೇರಿಸಿ ಮೊತ್ತ ಸೇರಿಸೋದು ಮರೆತರೆ ಮೂರು ಮಳಿಗೆ, ಎರಡು ಬಾಡಿಗೆ. 11,000 ಯಾವುದರದ್ದು? ಮಳಿಗೆಗೊಂದು ಸಾಲು ಮಾಡಿ, ಬಾಡಿಗೆಯನ್ನು ಅದರ ಪಕ್ಕದಲ್ಲೇ ಬರೆಯಿರಿ. ಒಂದು ಬಿಟ್ಟು ಹೋದರೆ ಜಾಗ ಖಾಲಿ ಕಾಣುತ್ತೆ.

ಹಾಸನದ ಅಕ್ಕ: ನಮ್ಮ ವಿಭಾಗ ಪತ್ರದ್ದೂ ಇದೇ ಕಥೆ. ಎರಡು ಸರ್ವೆ ನಂಬರ್ ಬರೆದು ‘ಸದರಿ ಜಮೀನಿನಲ್ಲಿರುವ ಬೋರ್‌ವೆಲ್ ತಮ್ಮನಿಗೆ’ ಅಂತ ಹಾಕಿದ್ದಾರೆ. ಬೋರ್‌ವೆಲ್ ಎರಡರಲ್ಲೂ ಇದೆ! ಈಗ ತಮ್ಮ ಎರಡೂ ನನ್ನದು ಅಂತಾನೆ.

ಹಳೇ ಪತ್ರಬರಹಗಾರ: ಅಕ್ಕಾ, ಎಲ್ಲರೂ ಒಪ್ಪಿ ಸಹಿ ಹಾಕಿದರೆ ತಿದ್ದುಪಡಿ ಪತ್ರ ನೋಂದಾಯಿಸಿ. ಯಾವ ಸರ್ವೆ ನಂಬರಿನ ಬೋರ್‌ವೆಲ್ ಅಂತ ಅದರಲ್ಲಿ ಬರಲಿ.

ಹಾಸನದ ಅಕ್ಕ: ಅವನು ಸಹಿ ಹಾಕಲ್ಲ.

ಹಳೇ ಪತ್ರಬರಹಗಾರ: ಹಾಗಾದರೆ ಪತ್ರ ಹಿಡಿದು ವಕೀಲರ ಹತ್ತಿರ ಹೋಗಿ. ಬರೆಯುವಾಗ ಎಲ್ಲರಿಂದಲೂ ತಪ್ಪಾಗಿದೆ ಅಂತ ತೋರಿಸಿದರೆ ಕೋರ್ಟು ತಿದ್ದಿಸಬಹುದು. ತಮ್ಮ ‘ತಪ್ಪೇ ಆಗಿಲ್ಲ, ಹಾಗೇ ಮಾತಾಗಿತ್ತು’ ಅಂದರೆ ಕಷ್ಟ ಇದೆ.

ಮಳಿಗೆ ಮಾಲೀಕ: ನನ್ನ ಕರಡಿನಲ್ಲಿ ‘ಸದರಿ’ ಹುಡುಕಿದೆ. ಹನ್ನೊಂದು ಸಲ ಇದೆ. ಕೂತು ತಿದ್ದುತ್ತೇನೆ.