ಹೆಸರು ಕೊಟ್ಟವರು ತಪ್ಪಿಸದಂತೆ ನೆನಪಿಸುವುದು: ಯಾವಾಗ, ಯಾವ ಮಾತಲ್ಲಿ?

ಪ್ರಶ್ನೆ: ನಮ್ಮ ಉಚಿತ ಫೋಟೊ ಕಾರ್ಯಾಗಾರಕ್ಕೆ 80 ಜನ ಹೆಸರು ಕೊಟ್ಟಿದ್ದರು, ಬಂದಿದ್ದು 43. ಒಂದು ವಾರ ಮೊದಲು ಇಮೇಲ್ ಕಳಿಸಿದ್ದೆ. ಕಾರ್ಯಾಗಾರದ ದಿನ ಬೆಳಿಗ್ಗೆ 8ಕ್ಕೆ ಒಂದು ಎಸ್ಸೆಮ್ಮೆಸ್: "ನೆನಪಿರಲಿ, ಇಂದು ಕಾರ್ಯಾಗಾರ. ಕಳೆದ ಸಲ ಅರ್ಧ ಜನ ಬರಲಿಲ್ಲ, ದಯವಿಟ್ಟು ತಪ್ಪಿಸಬೇಡಿ." ಶುರುವಾಗೋದು 10ಕ್ಕೆ. ಎಲ್ಲಿ ಎಡವಿದ್ದೇನೆ?

ಕಾರ್ಯಕ್ರಮ ಆಯೋಜಕಿ: "ಅರ್ಧ ಜನ ಬರಲಿಲ್ಲ" ಅನ್ನೋ ಮಾತನ್ನು ಮೊದಲು ತೆಗೀರಿ. ಬರೋದೋ ಬೇಡವೋ ಅಂತ ತೂಗ್ತಾ ಇರೋರಿಗೆ ಅದು ಬೈಗುಳದ ಹಾಗೆ ಕೇಳಿಸಲ್ಲ. ಹೋಗದಿದ್ದರೂ ನಡೆಯುತ್ತೆ, ಎಲ್ಲರೂ ಹಾಗೇ ಮಾಡ್ತಾರೆ ಅಂತ ಕೇಳಿಸುತ್ತೆ.

ಇನ್ನು ಸಮಯ. ಬೆಳಿಗ್ಗೆ 8ಕ್ಕೆ ನೆನಪಿಸಿದರೆ ಮರೆತವರಿಗೆ ನೆನಪಾಗುತ್ತೆ ನಿಜ, ಆದರೆ ಅಷ್ಟರಲ್ಲಿ ಅವರ ದಿನ ಬೇರೆ ಕೆಲಸಕ್ಕೆ ಹೋಗಿರುತ್ತೆ. ನಾನು ಮೂರು ದಿನ ಮುಂಚೆ ಒಂದು ಇಮೇಲ್, ಹಿಂದಿನ ಸಂಜೆ 6ರ ಹೊತ್ತಿಗೆ ಒಂದು ಎಸ್ಸೆಮ್ಮೆಸ್ ಕಳಿಸ್ತೀನಿ. ನಾಳೆ ಎಷ್ಟಕ್ಕೆ ಏಳಬೇಕು, ಯಾರನ್ನು ಕರ್ಕೊಂಡು ಹೋಗಬೇಕು ಅಂತ ಜನ ಲೆಕ್ಕ ಹಾಕೋದು ಆ ಹೊತ್ತಲ್ಲೇ. ನಿಮ್ಮ ವಾರದ ಹಿಂದಿನ ಇಮೇಲ್ ಇರಲಿ. ಹೆಸರು ಕೊಟ್ಟ ಕ್ಷಣದಲ್ಲೇ ಹೋಗೋ ದೃಢೀಕರಣಕ್ಕೆ ಕ್ಯಾಲೆಂಡರ್ ಫೈಲ್ ಸೇರಿಸೋದು ಮಾತ್ರ ಮರೀಬೇಡಿ.

ಮೂರು ದಿನ ಮುಂಚಿನ ಇಮೇಲ್‌ನಲ್ಲಿ "ಬರಲು ಆಗುವುದಿಲ್ಲ" ಅನ್ನೋ ಒಂದು ಗುಂಡಿ ದೊಡ್ಡದಾಗಿ ಇರಬೇಕು. ಒಂದು ಸಲ 60 ಹೆಸರಿದ್ದ ತರಗತಿಗೆ ಹೀಗೆ ಕಳಿಸಿದಾಗ 11 ಜನ ಅದನ್ನು ಒತ್ತಿದರು. ಎದೆ ಧಸಕ್ಕೆಂದಿತು. ಆದರೆ ಅವರು ಹೇಗೂ ಬರುತ್ತಿರಲಿಲ್ಲ, ನನಗೆ ಮೊದಲೇ ಗೊತ್ತಾಯಿತು ಅಷ್ಟೆ. ಆ 11 ಜಾಗಕ್ಕೆ ಕಾಯುವ ಪಟ್ಟಿಯಿಂದ 8 ಜನ ಸಿಕ್ಕರು. ಈಗಷ್ಟೇ ಒಪ್ಪಿಕೊಂಡವರು ತಪ್ಪಿಸೋದು ಕಡಿಮೆ.

ಗ್ರಂಥಾಲಯದ ಕಾರ್ಯಕರ್ತ: ಇಮೇಲ್ ಯಾರೂ ಓದಲ್ಲ ಸರ್. ಎಸ್ಸೆಮ್ಮೆಸ್ ಒಂದೇ ಸಾಕು, ಕೊನೆಯ ಐದು ದಿನ ದಿನಕ್ಕೊಂದು ಹಾಕಿ.

ಕಾರ್ಯಕ್ರಮ ಆಯೋಜಕಿ: ಕೊನೇ ದಿನ ಎಸ್ಸೆಮ್ಮೆಸ್ಸೇ ಮೇಲು, ಅದನ್ನು ಒಪ್ಪುತ್ತೇನೆ. ಆದರೆ ಐದು ದಿನ ಒಂದೇ ಮಾತು ಬಂದರೆ ಮೂರನೇದಕ್ಕೇ ಜನ ತೆರೆಯದೆ ಅಳಿಸ್ತಾರೆ, ಕೆಲವರು ಸಂಖ್ಯೆಯನ್ನೇ ತಡೆಹಿಡಿಯುತ್ತಾರೆ. ಮುಖ್ಯವಾದ ಕೊನೇ ಸಂದೇಶ ಅವರಿಗೆ ಮುಟ್ಟೋದೇ ಇಲ್ಲ.

ಇನ್ನೊಂದು ವಿಷಯ. ಕನ್ನಡದಲ್ಲಿ ಕಳಿಸೋದಾದರೆ ಒಂದು ಎಸ್ಸೆಮ್ಮೆಸ್ಸಿಗೆ 70 ಅಕ್ಷರದ ಮಿತಿ. ಇಂಗ್ಲಿಷಿನಲ್ಲಿ 160, ಆದರೆ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸಂದೇಶಕ್ಕೆ 70 ಆಗುತ್ತೆ. ಕಾಗುಣಿತದ ಗುರುತು, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತೆ: "ಕ್ಕೆ" ಕಣ್ಣಿಗೆ ಒಂದು, ಲೆಕ್ಕಕ್ಕೆ ನಾಲ್ಕು. ಮಿತಿ ದಾಟಿದರೆ ತುಂಡು ತುಂಡಾಗಿ ಹೋಗುತ್ತೆ, ತುಂಡಿಗೊಂದು ಶುಲ್ಕ. ಇದು ಪದಗಳ ನಡುವಿನ ಖಾಲಿ ಜಾಗಗಳೂ ಸೇರಿ 67:

"ನಾಳೆ ಶನಿವಾರ 10ಕ್ಕೆ ಫೋಟೊ ಕಾರ್ಯಾಗಾರ. ಬರುವುದಾದರೆ 1, ಆಗದಿದ್ದರೆ 2 ಕಳಿಸಿ."

"ನೆನಪಿರಲಿ", "ದಯವಿಟ್ಟು" ಎರಡೂ ಇಲ್ಲ ನೋಡಿ. ದಿನ, ಹೊತ್ತು ಮೊದಲು ಬಂದಿವೆ, ಪರದೆಯ ಮೇಲೆ ಇಣುಕಿದಾಗ ಕಾಣೋದು ಅಷ್ಟೇ. ಆಮೇಲೆ ಒಂದು ಪ್ರಶ್ನೆಯ ಕೆಲಸ. "1" ಅಂತ ಕಳಿಸಿದವರು ತಾವೇ ಮಾತು ಕೊಟ್ಟ ಹಾಗೆ. ಒಂದು ಎಚ್ಚರಿಕೆ: ಕಳಿಸುವವರ ಜಾಗದಲ್ಲಿ ಸಂಖ್ಯೆಯ ಬದಲು ಸಂಸ್ಥೆಯ ಅಕ್ಷರಗಳು ಕಾಣುತ್ತಿದ್ದರೆ ಅದಕ್ಕೆ ಉತ್ತರ ಬರಲ್ಲ. ಉತ್ತರ ಬೇಕಿದ್ದರೆ ಸಾಮಾನ್ಯ ಸಂಖ್ಯೆಯಿಂದ ಕಳಿಸಿ, ಮೊದಲು ನಿಮ್ಮ ಫೋನಿಗೇ ಕಳಿಸಿ ನೋಡಿ.

ಆನ್‌ಲೈನ್ ಪಾಠ ಮಾಡುವವರು: ನನ್ನ ಅನುಭವ ಬೇರೆ. ಹಿಂದಿನ ಸಂಜೆ ಕಳಿಸಿದರೆ ಏನೂ ಆಗಲ್ಲ, ಹತ್ತು ನಿಮಿಷ ಮುಂಚೆ ಲಿಂಕ್ ಮತ್ತೆ ಕಳಿಸಿದರೆ ಮಾತ್ರ ಜನ ಬರ್ತಾರೆ. ಅರ್ಧ ಜನಕ್ಕೆ ಲಿಂಕ್ ಹುಡುಕೋದೇ ಕಷ್ಟ.

ಕಾರ್ಯಕ್ರಮ ಆಯೋಜಕಿ: ನಿಮ್ಮದು ಕೂತ ಜಾಗದಿಂದ ಸೇರುವ ಪಾಠ, ಅದಕ್ಕೆ ಹತ್ತು ನಿಮಿಷ ಸರಿ. ಇವರದ್ದಕ್ಕೆ ಮನೆ ಬಿಟ್ಟು ಬರಬೇಕು. ಬೆಳಿಗ್ಗೆ ಏನಾದರೂ ಕಳಿಸಿದರೆ "1" ಅಂದವರಿಗೆ ಮಾತ್ರ, ಅದೂ ಬಾಗಿಲು ಯಾವ ಕಡೆ, ಕ್ಯಾಮೆರಾ ಜೊತೆ ಏನು ತರಬೇಕು ಅನ್ನೋದಷ್ಟೆ.

ಪ್ರಶ್ನೆ ಕೇಳಿದವರು: ಉತ್ತರವೇ ಕೊಡದವರನ್ನು ಏನಂತ ಲೆಕ್ಕ ಹಿಡೀಲಿ? ಕುರ್ಚಿ ಹಾಕಿಸಬೇಕಲ್ಲ.

ಕಾರ್ಯಕ್ರಮ ಆಯೋಜಕಿ: ಇದಕ್ಕೆ ನನ್ನ ಹತ್ತಿರ ಪಕ್ಕಾ ಲೆಕ್ಕ ಇಲ್ಲ. ಮೌನವಾಗಿದ್ದವರಲ್ಲಿ ಒಮ್ಮೆ ಅರ್ಧದಷ್ಟು ಬಂದರು, ಇನ್ನೊಮ್ಮೆ ಕಾಲು ಭಾಗವೂ ಬರಲಿಲ್ಲ. ನಿಮ್ಮ ಮುಂದಿನ ಮೂರು ಕಾರ್ಯಾಗಾರಗಳಲ್ಲಿ "1" ಅಂದವರು, ಸುಮ್ಮನಿದ್ದವರು ಅಂತ ಎರಡು ಪಟ್ಟಿ ಇಟ್ಟು, ಬಾಗಿಲಲ್ಲಿ ಗುರುತು ಹಾಕಿ. ಆ ಅಂಕಿ ಬರೋ ತನಕ ಸುಮ್ಮನಿದ್ದವರಿಗೂ ಕುರ್ಚಿ ಹಾಕಿಸಿ.